ತೋಪುತೆನೆ ಸೆರಗಿನ ಏರಿಳಿತ

ಮದುವೆ ಹಂಗಾಮಿನಲ್ಲಿ ವಿಜಯಪುರದ ಬಜಾರಿಗೆ ತಿಕೋಟಾ, ಬಬಲೇಶ್ವರದ ಕಡೆಯಿಂದ ಇಡೀ ಇಡೀ ಮನೆತನಗಳೇ ಗಾಡಿ ಮಾಡಿಕೊಂಡು ಬರುತ್ತವೆ. ಮದುವೆಯ ಜವಳಿ ಖರೀದಿಗೆ ನಮ್ಮ ಕಡೆ ಬಸ್ತಾ ಅನ್ನುತ್ತೇವಲ್ಲ, ಅದಕ್ಕೆ. ಅಂಗಡಿಯ ಗಾದಿಯ ಮೇಲೆ ಹಿರಿಯ ಹೆಣ್ಣುಮಕ್ಕಳು ಸಾಲಾಗಿ ಕೂರುತ್ತಾರೆ. ಗಂಡಸರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಳ್ಳುತ್ತಾರೆ. ಮದುಮಗಳ ಸೀರೆ ಬೇಗ ಮುಗಿಯುತ್ತದೆ. ಅದು ಹೇಗೂ ಎಲ್ಲಕ್ಕಿಂತ ಭಾರಿಯದೇ ಆಗಿರಬೇಕು. ಹೊತ್ತು ಹಿಡಿಯುವುದು ಆಯೇರಿ ಸೀರೆಗಳಿಗೆ. ಬೀಗತಿಗೆ ಯಾವುದು, ಬೀಗತಿಯ ಅಕ್ಕನಿಗೆ ಯಾವುದು, ಸೋದರತ್ತೆಗೆ, ಸೋದರಮಾವನ ಹೆಂಡತಿಗೆ, ಓಣಿಯವರಿಗೆ ಯಾವುದು?

“ಅಣ್ಣಾರ, ಇದನ್ನ ಬೀಗತಿಗೆ ಕೊಟ್ರ ನಾಳೆ ಮಾತು ಬರತೈತ್ರಿ. ಇದಕ್ಕಿಂತ ಮ್ಯಾಲಿಂದು ತೋರಸ್ರಿ.”

“ಹಂಗಾರ ಇದನ್ನ ಸ್ವಾದರತ್ತಿ ಗಂಟಿನ್ಯಾಗ ಇಡೂಣ್ರಿ, ಅವ್ವಾರ.”

ನೋಡುತ್ತಿದ್ದಂತೆ ಸೀರೆಗಳು ಬೇರೆ ಬೇರೆ ಗುಂಪಾಗುತ್ತವೆ. ಒಂದೊಂದು ಗುಂಪೂ ನಂಟಸ್ತಿಕೆಯ ಒಂದೊಂದು ಮೆಟ್ಟಿಲು. ಪಡೆದವರು ಇದನ್ನು ತಪ್ಪದೆ ಓದುತ್ತಾರೆ. ಮನೆಗೆ ಹೋದಮೇಲೆ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡುತ್ತಾರೆ, ದಡಿಯನ್ನು ತಿರುವಿ ನೋಡುತ್ತಾರೆ, ವಾರಗಿತ್ತಿಗೆ ಬಂದ ಸೀರೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಬಟ್ಟೆ ಅಂತಸ್ತನ್ನು ಹೇಳುತ್ತದೆ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಬಟ್ಟೆಯೊಂದೇ ಏನನ್ನೂ ಹೇಳಲಾರದು. ಅದನ್ನು ಓದಬಲ್ಲ ಕಣ್ಣು ಎದುರಿಗಿರಬೇಕು, ಆ ಗುರುತನ್ನು ಕಂಡಕಂಡವರು ನಕಲು ಮಾಡದಂತೆ ಏನಾದರೊಂದು ತಡೆಯೂ ಇರಬೇಕು. ಈ ಎರಡರಲ್ಲಿ ಒಂದು ಹೋದರೂ ಆ ಉಡುಗೆಯ ಮಾತು ಬದಲಾಗುತ್ತದೆ. ಇದನ್ನು ನಮ್ಮ ಭಾಗದ ಒಂದೇ ಸೀರೆಯನ್ನು ಹಿಡಿದು ಇವತ್ತು ಹೇಳುತ್ತೇನೆ. ಅದು ಇಳಕಲ್ ಸೀರೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಇಳಕಲ್ಲೂ ನಮ್ಮ ಬಿಜಾಪುರ ಜಿಲ್ಲೆಯ ಊರೇ ಆಗಿತ್ತು.

ಹಳೆಯ ಇಳಕಲ್ ಸೀರೆಯೊಂದನ್ನು ಬಿಚ್ಚಿ ಹಾಸಿಕೊಂಡು ನೋಡಿ. ಒಡಲು ಹೆಚ್ಚಾಗಿ ಹತ್ತಿಯದು, ಸಣ್ಣ ಗೆರೆಯದೋ ಚೌಕಳಿಯದೋ ಬರಿಯ ಬಣ್ಣದ್ದೋ ಇರುತ್ತದೆ. ಎರಡೂ ಕಡೆ ಅಗಲವಾದ ದಡಿ. ಗೋಮಿ, ಪರಾಸಪೇಟಿ, ಗಾಡಿ ಎಂದು ದಡಿಗಳಿಗೆ ಬೇರೆ ಬೇರೆ ಹೆಸರುಗಳಿವೆ. ಕೊನೆಗೆ ಸೆರಗು. ಅದು ಕಡುಗೆಂಪು ರೇಷ್ಮೆಯದು. ಕೆಂಪಿನ ನಡುವೆ ಬಿಳಿಯ ಪಟ್ಟೆಗಳು, ಆ ಪಟ್ಟೆಯ ಅಂಚಿಗೆ ಜೋಳದ ತೆನೆಯ ಹಾಗೆ ಮೊನೆಮೊನೆಯಾದ ವಿನ್ಯಾಸ. ಇದೇ ತೋಪುತೆನೆ ಸೆರಗು. ಹಣಿಗೆಯ ಹಲ್ಲಿನ ಹಾಗೆ, ಕೋಟೆಯ ತೆನೆಯ ಹಾಗೆ ಕಾಣುವ ವಿನ್ಯಾಸಗಳೂ ಇವೆ.

ರೇಷ್ಮೆ ಎಲ್ಲೆಲ್ಲಿದೆ ಎಂಬುದನ್ನು ಗಮನಿಸಿ. ಒಡಲಿನ ಬಹುಭಾಗ ನಿರಿಗೆಯೊಳಗೆ ಮಡಚಿ ಹೋಗುತ್ತದೆ, ಅಲ್ಲಿ ಹತ್ತಿ. ಸೆರಗು ತಲೆಯ ಮೇಲಿಂದ ಬೆನ್ನಿಗೆ ಇಳಿಯುತ್ತದೆ, ಅಲ್ಲಿ ರೇಷ್ಮೆ. ಹಿರಿಯರ ಎದುರು, ಗುಡಿಯಲ್ಲಿ, ಸಂತೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದುಕೊಂಡು ನಡೆಯುತ್ತಿದ್ದ ಕಾಲದಲ್ಲಿ ಹಿಂದಿನಿಂದ ಬರುವವರಿಗೂ ಓಣಿಯ ಆಚೆ ಕಟ್ಟೆಯ ಮೇಲೆ ಕೂತವರಿಗೂ ಮೊದಲು ಕಾಣುತ್ತಿದ್ದದ್ದು ಆ ಕೆಂಪು ಸೆರಗೇ. ದುಬಾರಿ ನೂಲು ಕಣ್ಣಿಗೆ ಬೀಳುವ ಜಾಗಕ್ಕೆ, ಅಗ್ಗದ ಮತ್ತು ಗಟ್ಟಿ ನೂಲು ಮೈಗೆ ತಾಗುವ ಜಾಗಕ್ಕೆ. ನಮ್ಮ ಬಿಸಿಲಿಗೆ ಹತ್ತಿ ಹಿತವೂ ಹೌದು. ಇಷ್ಟು ಲೆಕ್ಕಾಚಾರದಿಂದ ನೇಯ್ದ ಇನ್ನೊಂದು ದಿನಬಳಕೆಯ ಸೀರೆಯನ್ನು ನಾನು ಕಂಡಿಲ್ಲ. ಸಾಧಾರಣ ರೈತಾಪಿ ಮನೆಯ ಹೆಣ್ಣುಮಗಳೂ ಮರ್ಯಾದೆಯಿಂದ ನಾಲ್ಕು ಜನರ ನಡುವೆ ನಿಲ್ಲುವಂತೆ ಮಾಡಿದ ಸೀರೆ ಇದು. ಸಿರಿವಂತರ ಮನೆಯವರಿಗೆ ಒಡಲೂ ರೇಷ್ಮೆಯದೇ ಇರುತ್ತಿತ್ತು. ದೂರದಿಂದ ಇಬ್ಬರೂ ಒಂದೇ ಊರಿನವರಾಗಿ ಕಾಣುತ್ತಿದ್ದರು, ಹತ್ತಿರ ಬಂದಾಗ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು.

ಇನ್ನು ನಕಲಿಗೆ ತಡೆ ಯಾವುದು? ಅದು ಮಗ್ಗದಲ್ಲೇ ಇತ್ತು. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅಖಂಡವಾಗಿ ಹರಿಯುತ್ತದೆ. ಹೊಕ್ಕಿನ ಬಣ್ಣ ಬದಲಿಸಿ ಸೆರಗು ಮಾಡುತ್ತಾರೆ. ಹಾಗೆ ಮಾಡಿದರೆ ಹಸಿರು ಸೀರೆಗೆ ಅಚ್ಚಗೆಂಪು ಸೆರಗು ಬರುವುದಿಲ್ಲ, ಹಾಸಿನ ಹಸಿರು ಹೊಕ್ಕಿನ ಕೆಂಪಿನೊಡನೆ ಬೆರೆತು ಬಣ್ಣ ಮಾಸುತ್ತದೆ. ಇಳಕಲ್ಲಿನ ನೇಕಾರರು ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆಯೇ ಒಂದು ಕೆಂಪು ರೇಷ್ಮೆ ಹಾಸು ಮಾಡಿಕೊಳ್ಳುತ್ತಾರೆ. ಒಡಲಿನ ಹಾಸಿನ ಎಳೆಯ ಕುಣಿಕೆಯೊಳಗೆ ಸೆರಗಿನ ಹಾಸಿನ ಎಳೆಯ ಕುಣಿಕೆಯನ್ನು ತೂರಿಸಿ, ಹೀಗೆ ಇಡೀ ಅಗಲಕ್ಕೂ ಎಳೆ ಎಳೆಯಾಗಿ ಸೇರಿಸುತ್ತಾ ಹೋಗುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಇದು ತಾಳ್ಮೆ ಬೇಡುವ ಕೆಲಸ, ಬಹಳ ಮಟ್ಟಿಗೆ ಮನೆಯ ಹೆಣ್ಣುಮಕ್ಕಳೇ ಮಾಡುವ ಕೆಲಸ. ಹಾಸೂ ಕೆಂಪು, ಹೊಕ್ಕೂ ಕೆಂಪು ಆದ್ದರಿಂದ ಒಡಲು ಯಾವ ಬಣ್ಣದ್ದಿದ್ದರೂ ಸೆರಗು ಅಪ್ಪಟ ಕೆಂಪಾಗಿಯೇ ಉಳಿಯುತ್ತದೆ. ಆ ಕೆಂಪು ಎಂದರೆ ಒಂದು ಮನೆಯವರು ಕೂತು ಮಾಡಿದ ಕೊಂಡಿ ಎಂದೇ ಅರ್ಥವಾಗಿತ್ತು. ಅದನ್ನು ಅಗ್ಗದಲ್ಲಿ ತೋರಿಸಿಕೊಳ್ಳಲು ದಾರಿ ಇರಲಿಲ್ಲ.

ಗುರುತನ್ನು ಕಾಯಲು ದುಡಿಮೆಯ ಬೆಲೆಯ ಬದಲು ಅರಸನ ಅಪ್ಪಣೆಯೂ ಇರಬಹುದು. ಅದಕ್ಕೂ ನಮ್ಮ ಊರಲ್ಲೇ ಉದಾಹರಣೆಯಿದೆ. 1510ರಿಂದ 1534ರವರೆಗೆ ಆಳಿದ ಇಸ್ಮಾಯಿಲ್ ಆದಿಲ್‌ಶಾಹ ಇರಾನಿನ ಸಫವಿ ಅರಸರ ಮೇಲಿನ ಗೌರವಕ್ಕೆ ತನ್ನ ಸೈನ್ಯದವರು ಹನ್ನೆರಡು ಮೊನೆಯ ಕೆಂಪು ಟೊಪ್ಪಿಗೆ ಧರಿಸಬೇಕೆಂದು ಆಜ್ಞೆ ಮಾಡಿದ್ದ. ಹನ್ನೆರಡು ಮೊನೆ ಎಂದರೆ ಶಿಯಾ ಪಂಥದ ಹನ್ನೆರಡು ಇಮಾಮರು. ಆ ಟೊಪ್ಪಿಗೆ ತಲೆಯ ಮೇಲಿದ್ದರೆ ದರ್ಬಾರಿನಲ್ಲಿ ನೀವು ಯಾರ ಕಡೆಯವರೆಂದು ಕೇಳುವ ಅಗತ್ಯವಿರಲಿಲ್ಲ. ಆಮೇಲೆ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಸುನ್ನಿ ಪಂಥವನ್ನು ಎತ್ತಿಹಿಡಿದು ಆ ಟೊಪ್ಪಿಗೆಯನ್ನು ನಿಲ್ಲಿಸಿದ. ಬಿಜಾಪುರದಲ್ಲೇ ಇದ್ದು ಚರಿತ್ರೆ ಬರೆದ ಫರಿಷ್ತಾ ಇದನ್ನು ದಾಖಲಿಸಿದ್ದಾನೆ. ಅಪ್ಪಣೆಯಿಂದ ಬಂದ ಉಡುಗೆ ಇನ್ನೊಂದು ಅಪ್ಪಣೆಯಿಂದ ಹೋಯಿತು. ಅದಕ್ಕೆ ಜನರ ನಡುವೆ ಬೇರು ಇರಲಿಲ್ಲ.

ಇಳಕಲ್ ಸೀರೆಗೆ ಯಾವ ಅರಸನ ಅಪ್ಪಣೆಯೂ ಇರಲಿಲ್ಲ. ಅದರ ಕಾವಲಿಗೆ ಇದ್ದದ್ದು ಓಣಿಯ ಕಣ್ಣು. ಆ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂದರೆ, 1884ರಲ್ಲಿ ಅಚ್ಚಾದ ಬಿಜಾಪುರ ಜಿಲ್ಲೆಯ ಗ್ಯಾಝೆಟಿಯರ್ ಒಂದೊಂದು ಜಾತಿಯ ಉಡುಗೆಯನ್ನೂ ಬೇರೆ ಬೇರೆಯಾಗಿ ಬರೆದಿಟ್ಟಿದೆ. ಸೀರೆಗೆ ಕಚ್ಚೆ ಹಾಕುತ್ತಾರೆಯೇ ಇಲ್ಲವೇ ಎಂಬುದನ್ನೂ ಬಿಟ್ಟಿಲ್ಲ. ಉಡುವ ರೀತಿಯಲ್ಲೇ ಮನೆತನ ತಿಳಿಯುತ್ತಿತ್ತು. ಬಣ್ಣದಲ್ಲಿ ಮುತ್ತೈದೆಯೋ ಅಲ್ಲವೋ ತಿಳಿಯುತ್ತಿತ್ತು. ಈ ಕಣ್ಣಿನ ಬಗ್ಗೆ ನನಗೆ ಹಳಹಳಿಕೆ ಇಲ್ಲ. ಗಂಡ ಸತ್ತ ಹೆಣ್ಣುಮಗಳ ಮೈಮೇಲಿನ ಬಣ್ಣವನ್ನು ಕಿತ್ತುಕೊಂಡು, ಅವಳ ದುಃಖವನ್ನು ಊರೆಲ್ಲ ದಿನವೂ ಓದುವಂತೆ ಮಾಡಿದ್ದೂ ಇದೇ ಕಣ್ಣು.

ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಉಡುಗೆಯ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಕನ್ನಡಿ ಕೂರಿಸಿದ ಕಾಂಚಳಿ, ಗೇರು ಗೇರಾದ ಪೇಟಿಯಾ, ಕೆನ್ನೆಯ ಪಕ್ಕ ಕೂದಲಿಗೆ ಜೋತುಬಿದ್ದ ಬೆಳ್ಳಿಯ ಘುಗರಿ, ಮೊಣಕೈಯ ಮೇಲಿನವರೆಗೂ ಏರಿದ ಬಿಳಿ ಬಳೆ. ಘುಗರಿ ಮತ್ತು ಮೇಲ್ಗೈ ಬಳೆ ಇದ್ದರೆ ಮದುವೆಯಾದವಳು. ತಾಂಡಾದೊಳಗೆ ಇದು ಗೌರವದ ಗುರುತು. ಅದೇ ಉಡುಗೆಯಲ್ಲಿ ಪ್ಯಾಟಿಗೆ ಬಂದಾಗ, ದುಡಿಯಲು ಮಹಾರಾಷ್ಟ್ರಕ್ಕೋ ಗೋವೆಗೋ ಹೋದಾಗ, ಮಗಳು ಸಾಲಿಗೆ ಹೋದಾಗ ಎದುರಿನ ಕಣ್ಣು ಅದನ್ನು ಬೇರೆ ರೀತಿಯಲ್ಲಿ ಓದಿತು. ಕೀಳಾಗಿ ಕಂಡಿತು. ಇವತ್ತು ತಾಂಡಾಗಳಲ್ಲಿ ಆ ಉಡುಗೆ ಹೆಚ್ಚಾಗಿ ಅಜ್ಜಿಯರ ಮೈಮೇಲೆ ಮಾತ್ರ ಉಳಿದಿದೆ. ಇದನ್ನು ಫ್ಯಾಶನ್ ಬದಲಾಯಿತು ಎಂದು ಹಗುರವಾಗಿ ಹೇಳುವುದು ತಪ್ಪು. ತಮ್ಮವರು ಗೌರವದಿಂದ ಓದುವ ಗುರುತನ್ನು ಹೊರಗಿನವರು ಅವಮಾನಕ್ಕೆ ಬಳಸಿದಾಗ ಜನ ಅದನ್ನು ಕಳಚಿಡುತ್ತಾರೆ. ಹಾಗೆ ಕಳಚಿಟ್ಟದ್ದು ಹಬ್ಬದ ದಿನ, ವೇದಿಕೆಯ ಮೇಲಿನ ಕುಣಿತದ ದಿನ ಮಾತ್ರ ಹೊರಗೆ ಬರುತ್ತದೆ.

ಮತ್ತೆ ಸೀರೆಗೆ ಬರೋಣ. ತೋಪುತೆನೆ ಸೆರಗು ದಿನಬಳಕೆಯಿಂದ ಹೇಗೆ ಹಿಂದೆ ಸರಿಯಿತು? ಜರ್ಮನಿಯ ಸಮಾಜಚಿಂತಕ ಗಿಯೋರ್ಗ್ ಝಿಮ್ಮೆಲ್ ಸುಮಾರು ನೂರ ಇಪ್ಪತ್ತು ವರ್ಷಗಳ ಹಿಂದೆ ಫ್ಯಾಶನ್ನಿನ ಬಗ್ಗೆ ಒಂದು ವಿವರಣೆ ಕೊಟ್ಟ. ಮನುಷ್ಯನಿಗೆ ನಾಲ್ಕು ಜನರಂತೆ ಇರಬೇಕೆಂಬ ಆಸೆಯೂ ಇದೆ, ಅವರಿಂದ ಬೇರೆಯಾಗಿ ಕಾಣಬೇಕೆಂಬ ಆಸೆಯೂ ಇದೆ. ಮೇಲಿನವರು ಉಟ್ಟದ್ದನ್ನು ಕೆಳಗಿನವರು ಅನುಸರಿಸುತ್ತಾರೆ, ಎಲ್ಲರ ಮೈಮೇಲೂ ಅದು ಬಂದಕೂಡಲೇ ಮೇಲಿನವರು ಅದನ್ನು ಬಿಟ್ಟು ಹೊಸದಕ್ಕೆ ಹೋಗುತ್ತಾರೆ, ಹರಡುವುದರಲ್ಲೇ ಅದರ ಸಾವೂ ಇದೆ ಎಂಬುದು ಅವನ ವಾದದ ತಿರುಳು. ನಮ್ಮ ಕಡೆ ನಡೆದದ್ದರಲ್ಲಿ ಇದು ಅರ್ಧ ಹೊಂದುತ್ತದೆ, ಅರ್ಧ ಹೊಂದುವುದಿಲ್ಲ.

ಹದಿನಾರು ಮೊಳ, ಹದಿನೆಂಟು ಮೊಳದ ಸೀರೆ ಬಿಟ್ಟು ಆರು ಗಜದ ಸೀರೆಯನ್ನು ನಿರಿಗೆ ಹಿಡಿದು ಉಡುವುದನ್ನು ಹಳ್ಳಿಗೆ ತಂದವರು ಗೌಡರ ಮನೆಯವರೋ ದೇಸಾಯರ ಮನೆಯವರೋ ಅಲ್ಲ. ಅವರು ಹಳೆಯ ಪದ್ಧತಿಯನ್ನು ಕೊನೆಯವರೆಗೂ ಕಾಯ್ದುಕೊಂಡವರು. ತಂದವರು ಸಾಲಿ ಅಕ್ಕೋರು, ದವಾಖಾನೆಯ ನರ್ಸಬಾಯಿ. ಅವರ ಹತ್ತಿರ ಹೊಲ ಇರಲಿಲ್ಲ, ವಾಡೆ ಇರಲಿಲ್ಲ. ಓದು ಇತ್ತು, ತಿಂಗಳ ಪಗಾರ ಇತ್ತು, ಒಬ್ಬರೇ ಬಸ್ಸಿನಲ್ಲಿ ಊರಿಂದ ಊರಿಗೆ ಹೋಗುವ ಧೈರ್ಯ ಇತ್ತು. ಹಳ್ಳಿಯ ಹುಡುಗಿಯರು ಅವರ ಸೀರೆಯಲ್ಲಿ ಕಂಡದ್ದು ಅದನ್ನೇ. ಅವರ ಸೀರೆ ವಾಯಿಲ್ ಇರಬಹುದು, ನೈಲೆಕ್ಸ್ ಇರಬಹುದು, ಬೆಲೆಯಲ್ಲಿ ಇಳಕಲ್ಲಿಗಿಂತ ಕಡಿಮೆಯೂ ಇರಬಹುದು. ಜನ ತಮಗಿಂತ ಸಿರಿವಂತರನ್ನೇ ಯಾವಾಗಲೂ ಅನುಸರಿಸುವುದಿಲ್ಲ. ತಾವು ಬದುಕಬೇಕೆಂದುಕೊಂಡ ಬದುಕನ್ನು ಈಗಾಗಲೇ ಬದುಕುತ್ತಿರುವವರನ್ನು ಅನುಸರಿಸುತ್ತಾರೆ.

ಇದರ ಜೊತೆಗೆ ನೀರಿನ ಮಾತೂ ಇದೆ. ಬರದ ಜಿಲ್ಲೆ ನಮ್ಮದು. ದೊಡ್ಡ ಹತ್ತಿ ಸೀರೆಯನ್ನು ತೊಳೆಯಲು ನೀರು ಬೇಕು, ಹಿಂಡಲು ರಟ್ಟೆ ಬೇಕು, ಒಣಗಿಸಲು ಜಾಗ ಬೇಕು, ಬಣ್ಣ ಬಿಡುವ ಭಯ ಬೇರೆ. ಪಾಲಿಸ್ಟರ್ ಸೀರೆ ಒಂದೆರಡು ಕೊಡ ನೀರಿನಲ್ಲಿ ತೊಳೆದು ಹಗ್ಗಕ್ಕೆ ಹಾಕಿದರೆ ಬೇಗ ಒಣಗುತ್ತದೆ. ಹೊಲಕ್ಕೂ ಹೋಗಿ ಮನೆಯನ್ನೂ ನೋಡಬೇಕಾದ ಹೆಣ್ಣುಮಗಳಿಗೆ ಇದು ಸಣ್ಣ ಸಂಗತಿಯಲ್ಲ. ಉಡುಗೆ ಬದಲಾದಾಗ ಜನ ಮರುಳಾದರು ಎಂದು ಬೈಯುವವರು ಒಂದು ದಿನ ಆ ಸೀರೆಯನ್ನು ತೊಳೆದು ನೋಡಬೇಕು.

ಅದೇ ಹೊತ್ತಿಗೆ ಮಗ್ಗದ ತಡೆಯೂ ಮುರಿಯಿತು. ಪವರ್‌ಲೂಮಿನಲ್ಲಿ ಇಳಕಲ್ ಹೋಲುವ ಸೀರೆ ರಾಶಿಗಟ್ಟಲೆ ಬಂತು. ಹತ್ತಿ, ರೇಷ್ಮೆಯ ಜಾಗಕ್ಕೆ ಕೃತಕ ನೂಲು ಬಂತು, ಕೊಂಡಿಯ ಗೊಡವೆಯೇ ಬೇಡವಾಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕೇಂದ್ರ ಕಾಯ್ದೆ ಇದೆ, ಭೌಗೋಳಿಕ ಸೂಚಕ ಮಾನ್ಯತೆಯೂ ಇಳಕಲ್ ಸೀರೆಗೆ ಸಿಕ್ಕಿದೆ. ಆದರೆ ಹತ್ತು ಹೆಜ್ಜೆ ದೂರದಿಂದ ಅಸಲಿ ಸೀರೆ, ನಕಲಿ ಸೀರೆ ಎರಡೂ ಒಂದೇ ರೀತಿ ಕಾಣುತ್ತವೆ. ಸೆರಗಿನ ಕೆಂಪು ನೋಡಿ ಮನೆತನವನ್ನು ಅಳೆಯುವ ಕಾಲ ಅಲ್ಲಿಗೆ ಮುಗಿಯಿತು. ಉಳ್ಳವರ ಮನೆಯ ಆಯೇರಿ ಬೇರೆ ರೇಷ್ಮೆಗಳ ಕಡೆ ತಿರುಗಿತು. ಹೊಲದಲ್ಲಿ ಕಳೆ ತೆಗೆಯುವ ಮುದುಕಿಯ ಸೀರೆ, ಹಳ್ಳಿಯವರ ಸೀರೆ ಎಂಬ ಹೆಸರು ಇಳಕಲ್ಲಿಗೆ ಅಂಟಿತು. ಇಲ್ಲಿ ಮಾತ್ರ ಝಿಮ್ಮೆಲ್ ಹೇಳಿದ್ದು ಅಕ್ಷರಶಃ ನಡೆಯಿತು.

ಆಮೇಲೆ ನಡೆದದ್ದು ಇನ್ನೂ ಗಮನಿಸಬೇಕಾದದ್ದು. ದಿನಬಳಕೆಯಲ್ಲಿ ಅದು ಅಪರೂಪವಾದಂತೆ ಕಾಲೇಜುಗಳ ಎಥ್ನಿಕ್ ಡೇಗೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹುಡುಗಿಯರು ಅಜ್ಜಿಯ ಟ್ರಂಕಿನಿಂದ ಅದನ್ನು ಹೊರತೆಗೆದರು. 2023ರ ಫೆಬ್ರವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಮಂಡಿಸಲು ಧಾರವಾಡದ ಕಸೂತಿ ಹಾಕಿದ ಕೆಂಪು ಇಳಕಲ್ ರೇಷ್ಮೆ ಸೀರೆ ಉಟ್ಟು ಬಂದಾಗ ದೇಶದ ಪತ್ರಿಕೆಗಳೆಲ್ಲ ಅದರ ಹೆಸರು ಬರೆದವು. ಸೀರೆ ಅದೇ, ಅದು ಹೇಳುವ ಮಾತು ಬೇರೆ. ಅಜ್ಜಿಯ ಕಾಲದಲ್ಲಿ ಅದು ಯಾವ ಮನೆಯವಳು, ಮುತ್ತೈದೆಯೋ ಅಲ್ಲವೋ ಎಂದು ಹೇಳುತ್ತಿತ್ತು. ಮೊಮ್ಮಗಳ ಮೈಮೇಲೆ ಅದು ನಾನು ಉತ್ತರ ಕರ್ನಾಟಕದವಳು ಎಂದು ಹೇಳುತ್ತದೆ, ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾಗ ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಜಾತಿಯ, ವೈಧವ್ಯದ ಗುರುತು ಕಳಚಿ ನಾಡಿನ ಗುರುತು ಉಳಿದದ್ದು ನನಗೆ ಸಂತೋಷದ ಸಂಗತಿ.

ಆದರೆ ಈ ಮರಳುವಿಕೆಯಲ್ಲಿ ನೇಕಾರನಿಗೆ ಒಂದು ತೊಡಕಿದೆ. ಫ್ಯಾಶನ್ ಒಮ್ಮೆಲೇ ಬರುತ್ತದೆ. ಯಾರೋ ಉಟ್ಟ ಚಿತ್ರ ಮೊಬೈಲಿನಲ್ಲಿ ಹರಿದಾಡಿದ ವಾರದೊಳಗೆ ಎಲ್ಲರಿಗೂ ಅದೇ ಬೇಕು. ಕೈಮಗ್ಗದಲ್ಲಿ ಹಾಸು ಮಾಡಿ, ಕೊಂಡಿ ಹಾಕಿ, ಒಂದು ಸೀರೆ ಮುಗಿಸಿ ಇಳಿಸಲು ದಿನಗಟ್ಟಲೆ ಬೇಕು. ಬೇಡಿಕೆ ಹತ್ತು ಪಟ್ಟಾಯಿತೆಂದು ಮಗ್ಗದ ವೇಗ ಹತ್ತು ಪಟ್ಟಾಗದು. ಆ ನಡುವಿನ ತೆರಪನ್ನು ಪವರ್‌ಲೂಮ್ ತುಂಬುತ್ತದೆ. ನಕಲು ಮೊದಲು ಬಂದು ಎಲ್ಲರ ಮೈಮೇಲೂ ಕಂಡು ಬೇಸರ ಹುಟ್ಟಿಸುತ್ತದೆ, ನಿಜವಾದ ಸೀರೆ ಅಂಗಡಿಗೆ ಬರುವ ಹೊತ್ತಿಗೆ ಜನರ ಮನಸ್ಸು ಬೇರೆ ಕಡೆ ಹೋಗಿರುತ್ತದೆ.

ಕೊಳ್ಳುವವರು ಇದನ್ನು ತಡೆಯಬಲ್ಲರು, ಅದಕ್ಕೆ ಬಹಳ ಜ್ಞಾನವೇನೂ ಬೇಡ. ಅಂಗಡಿಯಲ್ಲಿ ಸೀರೆಯನ್ನು ತಿರುವಿ ಹಾಕಿಸಿ, ಒಡಲು ಮುಗಿದು ಸೆರಗು ಶುರುವಾಗುವ ಸಾಲನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ಅಗಲಕ್ಕೂ ಸಣ್ಣ ಸಣ್ಣ ಕುಣಿಕೆಗಳ ಸಾಲು ಕಾಣಬೇಕು, ಬೆರಳಿಗೆ ತುಸು ಉಬ್ಬಾಗಿ ತಾಗಬೇಕು. ಆಮೇಲೆ ಸೆರಗಿನ ಕೆಂಪಿನೊಳಗೆ ಒಡಲಿನ ಬಣ್ಣದ ಎಳೆ ಹರಿದಿದೆಯೇ ನೋಡಿ. ಹರಿದಿದ್ದರೆ ಅದಕ್ಕೆ ಕೊಂಡಿ ಇಲ್ಲ. ಅಂಥ ಸೀರೆಯನ್ನೂ ಕೊಳ್ಳಬಹುದು, ಕೈಮಗ್ಗದ ಬೆಲೆ ಮಾತ್ರ ಕೊಡಬೇಡಿ. ಒಡಲು ಅಪ್ಪಟ ರೇಷ್ಮೆಯೋ ಚಮಕಾ ನೂಲೋ ಎಂದು ಕೇಳಿ. ಚಮಕಾ ಎಂದರೆ ಕೃತಕ ರೇಷ್ಮೆ. ಒಳ್ಳೆಯ ಅಂಗಡಿಯವರು ಕೇಳಿದರೆ ಹೇಳುತ್ತಾರೆ.

ಫ್ಯಾಶನ್ನಿಗಿಂತ ನಂಬಿಕಸ್ಥ ಗಿರಾಕಿ ನಮ್ಮ ಶಾಸ್ತ್ರ ಸಂಪ್ರದಾಯ. ಗುಳೇದಗುಡ್ಡದ ಖಣವನ್ನೇ ನೋಡಿ. ಇಳಕಲ್ ಸೀರೆಯ ಜೋಡಿ ಅದು. ಖಣದ ಕುಪ್ಪಸ ಹೊಲಿಸಿ ತೊಡುವವರು ಎಂದೋ ಕಡಿಮೆಯಾದರು. ಆದರೂ ಮಗಳು ಗಂಡನ ಮನೆಗೆ ಹೊರಟಾಗ, ಕುಬಸದಲ್ಲಿ, ದೇವಿಗೆ ಹರಕೆ ತೀರಿಸುವಾಗ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ಖಣ ಬೇಕೇ ಬೇಕು. ಹೊಲಿಸದೆ ಹಾಗೇ ಪೆಟ್ಟಿಗೆಯಲ್ಲಿ ಮಡಚಿಟ್ಟು ಇನ್ನೊಬ್ಬರ ಉಡಿಗೆ ಹಾಕುವವರೂ ಇದ್ದಾರೆ. ಈಚೆಗೆ ಖಣದ ಬಟ್ಟೆಯಲ್ಲಿ ಸೀರೆ, ಕುರ್ತಾ, ಚೀಲ ಎಲ್ಲ ಮಾಡುವ ಹುಚ್ಚು ಮಹಾರಾಷ್ಟ್ರದಿಂದ ನಮ್ಮವರೆಗೂ ಹಬ್ಬಿತು. ಅದರ ಲಾಭದ ದೊಡ್ಡ ಪಾಲನ್ನು ಮತ್ತೆ ಯಂತ್ರದ ಮಗ್ಗವೇ ಪಡೆದುಕೊಂಡಿತು. ಉಡಿಯ ಖಣಕ್ಕೆ ಅಂಥ ಅಬ್ಬರವಿಲ್ಲ. ಅದು ಶ್ರಾವಣಕ್ಕೂ ಬೇಕು, ಮದುವೆ ತಿಂಗಳಿಗೂ ಬೇಕು, ಇಷ್ಟೇ ಬೇಕು ಎಂದು ವರ್ಷದ ಮೊದಲೇ ಅಂದಾಜು ಸಿಗುತ್ತದೆ. ಕೈಮಗ್ಗ ನಿಧಾನವಾಗಿ ನೇಯ್ದು ಪೂರೈಸಬಹುದಾದ ಬೇಡಿಕೆ ಅದು. ಬಸ್ತಾ ಬರೆಸುವಾಗ ಆಯೇರಿಯ ಮೇಲಿನ ಗುಂಪಿಗೆ, ಮದುವೆಗೆ ಆರು ತಿಂಗಳು ಮೊದಲೇ, ಕೊಂಡಿಯಿರುವ ಎರಡು ಇಳಕಲ್ ಸೀರೆಗೆ ಅಂಗಡಿಯವರ ಹತ್ತಿರ ಮುಂಗಡ ಕೊಟ್ಟಿಟ್ಟರೆ ಇಳಕಲ್ಲಿನ ಮಗ್ಗಕ್ಕೂ ಅಂಥದ್ದೇ ಕೆಲಸ ಸಿಗುತ್ತದೆ. ಬೀಗತಿ ಸೆರಗು ತಿರುವಿ ನೋಡುವುದಂತೂ ಇದ್ದೇ ಇದೆ.